ಹದಿನಾಲ್ಕು ವರ್ಷದ ಅಂತರ: ಸೋದರಮಾವನ ಮದುವೆಯಿಂದ ಇವತ್ತಿನ ವರಾನ್ವೇಷಣೆಯವರೆಗೆ



ನಮ್ಮ ಆಯಿಯನ್ನು ತೊಟ್ಟಿಲಿಗೆ ಹಾಕಿದ ದಿನ ಅವಳ ಗಂಡ ಅಲ್ಲೇ ನಿಂತಿದ್ದ. ಆಗ ಅವನಿಗೆ 14 ವರ್ಷ. ಓಣಿಯ ಹೆಂಗಸರು ಕೂಸನ್ನು ಅವನ ಕೈಗೆ ಕೊಟ್ಟು, ‘ನೋಡಪಾ, ನಿನ್ನ ಹೇಂತಿ’ ಎಂದು ನಕ್ಕರಂತೆ. ಅವನು ನಾಚಿ ಹೊರಗೆ ಓಡಿದ. ಹನ್ನೆರಡು ವರ್ಷದ ಮೇಲೆ, 1938ರಲ್ಲಿ, ಆ ನಗೆಮಾತು ನಿಜವಾಯಿತು. ಅವಳಿಗೆ 12, ಅವನಿಗೆ 26. ಅವನು ಅವಳ ತಾಯಿಯ ಖಾಸಾ ತಮ್ಮ.

ಪ್ರೀತಿ, ಮದುವೆ, ವಯಸ್ಸಿನ ಅಂತರ ಎಂದಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾ ಮಂದಿ, ಇಲ್ಲವೆ ಮುದುಕ ಸಾವಕಾರನ ಎರಡನೇ ಮದುವೆ. ಆದರೆ ನಮ್ಮ ಸೀಮೆಯಲ್ಲಿ ದೊಡ್ಡ ಅಂತರದ ಮದುವೆಗಳು ಬಹುಪಾಲು ನಡೆದದ್ದು ಯಾರ ಬೆರಗಿಗೂ ಯಾರ ಟೀಕೆಗೂ ಗುರಿಯಾಗದೆ, ಮನೆಯೊಳಗಿನ ಮಾತಾಗಿ. ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿಯಲ್ಲಿ ಅಂತರ ಹುಟ್ಟಿನಿಂದಲೇ ಹೆಣೆದುಕೊಂಡಿರುತ್ತದೆ. ಆದ್ದರಿಂದ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಲೆಕ್ಕ ಸರಳ. ಅಕ್ಕ ಮಗಳನ್ನು ಹೆತ್ತಾಗ ಅವಳಿಗೆ ಎಷ್ಟು ವರ್ಷ ಎಂಬುದನ್ನು ಹಿಡಿಯಿರಿ. ಅದರಿಂದ ಅಕ್ಕ-ತಮ್ಮರ ನಡುವಿನ ವರ್ಷಗಳನ್ನು ಕಳೆಯಿರಿ. ಉಳಿದದ್ದು ಗಂಡ-ಹೆಂಡಿರ ಅಂತರ. ನಮ್ಮ ಆಯಿಯ ತಾಯಿ 17ಕ್ಕೆ ಹೆತ್ತಳು, ತಮ್ಮ ಅವಳಿಗಿಂತ 3 ವರ್ಷಕ್ಕೆ ಸಣ್ಣವನು, ಉಳಿದದ್ದು 14. ಆ ಮನೆಯಲ್ಲಿ ಇನ್ನೊಬ್ಬ ತಮ್ಮನಿದ್ದ, ಕೊನೆಯವನು, ಅಕ್ಕನಿಗಿಂತ 11 ವರ್ಷಕ್ಕೆ ಸಣ್ಣವನು. ಅವನಿಗೆ ಕೊಟ್ಟಿದ್ದರೆ ಅಂತರ ಬರೀ 6 ಆಗುತ್ತಿತ್ತು. ಆದರೆ ಮದುವೆಯಾಗದೆ ನಿಂತಿದ್ದವನು ದೊಡ್ಡವನು, ಸರದಿ ಅವನದು. ಒಂದೇ ಮನೆ, ಒಂದೇ ಹುಡುಗಿ, ಅದೇ ಪದ್ಧತಿ. ಆರೋ ಹದಿನಾಲ್ಕೋ ಎಂಬುದನ್ನು ತೀರ್ಮಾನಿಸಿದ್ದು ಅಣ್ಣತಮ್ಮಂದಿರ ಸರದಿ.

ಅಕ್ಕನ ಮಗಳನ್ನು ತರಬಹುದು, ತಂಗಿಯ ಮಗಳನ್ನು ತರಬಾರದು ಎಂಬ ಕಟ್ಟಳೆ ನಿಮಗೆಲ್ಲ ಗೊತ್ತು. ತಂಗಿ ಮಗಳ ಸಮಾನ, ಅವಳ ಮಗಳು ಮೊಮ್ಮಗಳ ಸಮಾನ ಎಂದು ಹಿರಿಯರು ಅದಕ್ಕೆ ಕಾರಣ ಹೇಳುತ್ತಾರೆ. ಆ ಮಾತಿನ ಒಳಗೆ ವಯಸ್ಸಿನ ಲೆಕ್ಕವೂ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ತಂಗಿ 3 ವರ್ಷಕ್ಕೆ ಸಣ್ಣವಳಾಗಿ ಅವಳೂ 17ಕ್ಕೆ ಹೆತ್ತರೆ ಅಣ್ಣನಿಗೆ ಆಗಲೇ 20. ಅಂದರೆ ಹುಡುಗಿಗೂ ಮಾವನಿಗೂ ಇಪ್ಪತ್ತು ವರ್ಷದ ಅಂತರ. ನಮ್ಮ ಹಿಂದಿನವರು ಅಂತರಕ್ಕೆ ಮಿತಿ ಹಾಕಿದ್ದರು, ಆದರೆ ವರ್ಷದ ಲೆಕ್ಕದಲ್ಲಿ ಹಾಕಲಿಲ್ಲ, ನಂಟಿನ ಹೆಸರಿನಲ್ಲಿ ಹಾಕಿದರು.

ಇದು ಎಲ್ಲೋ ಅಪರೂಪಕ್ಕೆ ನಡೆದ ಸಂಗತಿಯೂ ಅಲ್ಲ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಹೆರಿಗೆಯಾದ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳನ್ನು ಬಿಟ್ಟಲ್ಸ್, ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು ಅಧ್ಯಯನ ಮಾಡಿದರು. ಹೆಚ್ಚೂಕಡಿಮೆ ಮೂರರಲ್ಲೊಂದು ಮದುವೆ ರಕ್ತಸಂಬಂಧದ್ದು. ಹಿಂದೂಗಳಲ್ಲಿ ಅದರ ದೊಡ್ಡ ಪಾಲು ಸೋದರಮಾವ ಮತ್ತು ಅಕ್ಕನ ಮಗಳದ್ದು. ಅವರು ನೋಡಿದ್ದು ಮಕ್ಕಳ ಆರೋಗ್ಯದ ದೃಷ್ಟಿಯಿಂದ, ಅದು ಬೇರೆಯೇ ಉಪನ್ಯಾಸದ ವಿಷಯ. 1955ರ ಹಿಂದೂ ವಿವಾಹ ಕಾಯ್ದೆ ಮಾವ-ಸೊಸೆಯ ಈ ನಂಟನ್ನು ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಇಟ್ಟಿದೆ. ರೂಢಿ ಇದ್ದಲ್ಲಿ ಮಾತ್ರ ವಿನಾಯಿತಿ. ನಮ್ಮ ಕಡೆ ಆ ವಿನಾಯಿತಿಯೇ ನಿಯಮದಂತೆ ನಡೆದುಬಂದಿದೆ.

ಈಗ ಅಧಿಕಾರದ ಮಾತಿಗೆ ಬರುತ್ತೇನೆ. ಸೋದರಮಾವನ ಮದುವೆಯನ್ನು ಎತ್ತಿ ಹಿಡಿಯುವವರು ಹೇಳುವುದು ಸುಳ್ಳಲ್ಲ. ಹೊರಗಿನ ಮನೆಗೆ ಹೋದ ಹನ್ನೆರಡರ ಹುಡುಗಿಗೆ ಅತ್ತೆ ಅಪರಿಚಿತೆ. ನಮ್ಮ ಆಯಿಗೆ ಅತ್ತೆ ಎಂದರೆ ತಾಯಿಯ ತಾಯಿ. ಅಡುಗೆ ಮನೆಯ ಜಂತಿ, ಗೂಡು, ಕುಣಿಮಗ್ಗದ ಸದ್ದು, ಎಲ್ಲವೂ ಗೊತ್ತಿದ್ದವು. ಅವಳು ಹಸಿವಾದರೆ ಕೇಳಿ ಉಂಡಳು. ಆ ಕಾಲದಲ್ಲಿ ಎಷ್ಟೋ ಸೊಸೆಯಂದಿರಿಗೆ ಅಷ್ಟೂ ಇರಲಿಲ್ಲ. ಹದಿನಾಲ್ಕು ವರ್ಷದ ಅಂತರವಿದ್ದರೂ ಅವಳು ಆ ಮನೆಯಲ್ಲಿ ಹೆದರಿ ಬದುಕಲಿಲ್ಲ.

ಆದರೆ ಇದರ ಇನ್ನೊಂದು ಮುಖ ನನಗೆ ಕಂಡದ್ದು ಬಹಳ ತಡವಾಗಿ, ಸಮಾಜಶಾಸ್ತ್ರ ಪಾಠ ಮಾಡಲು ನಿಂತ ಎಷ್ಟೋ ವರ್ಷಗಳ ಮೇಲೆ. ನಮ್ಮಲ್ಲಿ ಹೆಣ್ಣುಮಗಳಿಗೆ ಗಂಡನ ಮನೆಯಲ್ಲಿ ಅನ್ಯಾಯವಾದರೆ ಅವಳು ಹೋಗುವುದು ತವರಿಗೆ. ತವರಿನಿಂದ ಅವಳ ಪರವಾಗಿ ಬಂದು ಕಟ್ಟೆಯ ಮೇಲೆ ಕೂತು, ‘ಯಾಕ್ರೀ ನಮ್ಮ ಹುಡುಗಿನ್ನ ಹಿಂಗ ಮಾಡೀರಿ’ ಎಂದು ಕೇಳುವವರು ಯಾರು? ಅವಳ ಸೋದರಮಾವ. ಆಯಿಯ ಮಟ್ಟಿಗೆ ಕೇಳಬೇಕಾದವನೇ ಗಂಡ. ತಾಯಿಯ ತವರೂ ಅದೇ, ಗಂಡನ ಮನೆಯೂ ಅದೇ. ದೂರು ಹೇಳಲು ಹೊರಗೆ ಒಂದು ಬಾಗಿಲು ಉಳಿದಿರಲಿಲ್ಲ. ಅವಳ ತಾಯಿಗೆ ಹೇಳಿಕೊಂಡರೆ ತಾಯಿ ತನ್ನ ಖಾಸಾ ತಮ್ಮನ ವಿರುದ್ಧ ಮಾತಾಡಬೇಕು. ಹೇಳಿಕೊಂಡಿದ್ದಳೋ ಇಲ್ಲವೋ, ನಾನು ಕೇಳಿದಾಗ ಆಯಿ, ‘ಯಾರಿಗೆ ಹೇಳೂದು, ಅವನ ಮುಂದ ಅವನ್ನ?’ ಎಂದಿದ್ದಳು.

ಎತ್ತಿ ಆಡಿಸಿದವನ ಎದುರು ‘ಒಲ್ಲೆ’ ಎನ್ನುವುದು ಕಷ್ಟ. ಅವಳು ಕೊನೆಯವರೆಗೂ ಅವನನ್ನು ‘ಮಾವ’ ಎಂದೇ ಕರೆದಳು. ವಯಸ್ಸಿನ ಅಂತರ ಒಂದು ಮನೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ನಾನು ತೋರಿಸುವುದು ಇದನ್ನೇ. ಹದಿನಾಲ್ಕು ಎಂಬ ಅಂಕಿ ತಾನಾಗಿ ಯಾರನ್ನೂ ಆಳುವುದಿಲ್ಲ. ಒಪ್ಪಂದ ಆಗುವಾಗ ಇಬ್ಬರಿಗೂ ‘ಒಲ್ಲೆ’ ಎನ್ನುವ ಶಕ್ತಿ ಇತ್ತೇ, ಮುಂದೆ ತಪ್ಪಾದಾಗ ಹೋಗಿ ಹೇಳಲು ಹೊರಗೊಂದು ಜಾಗ ಇತ್ತೇ, ದುಡಿಮೆಯ ದುಡ್ಡು ಯಾರ ಹೆಸರಿಗೆ ಬರೆಯಲ್ಪಡುತ್ತಿತ್ತು, ಈ ಮೂರೂ ಕಡೆ ಬಾಗಿಲು ಮುಚ್ಚಿದ್ದರೆ ಅಂತರ ಎರಡೇ ವರ್ಷವಿದ್ದರೂ ಅದು ಆಳ್ವಿಕೆಯೇ. ಅಂತರ ದೊಡ್ಡದಾದಷ್ಟೂ ಈ ಬಾಗಿಲುಗಳು ಮುಚ್ಚಿರುವ ಸಂಭವ ಹೆಚ್ಚು, ಅದರಲ್ಲೂ ಹೆಣ್ಣು ಚಿಕ್ಕವಳಾಗಿ ಮದುವೆಯಾದಾಗ.

ದುಡ್ಡಿನ ಮಾತನ್ನು ನೇಕಾರರ ಮನೆಯಲ್ಲಿ ಬಿಡಿಸಿ ಹೇಳಬಹುದು. ಅಜ್ಜ ಮಗ್ಗದ ಮೇಲೆ ಕೂತರೆ ಆಯಿ ಕಂಡಿಕೆ ಸುತ್ತುತ್ತಿದ್ದಳು, ಹಾಸಿಗೆ ಗಂಜಿ ಹಾಕುತ್ತಿದ್ದಳು, ಹರಿದ ಎಳೆ ಕಟ್ಟುತ್ತಿದ್ದಳು. ಸಾವಕಾರ ಲೆಕ್ಕದ ಪುಸ್ತಕದಲ್ಲಿ ಕೂಲಿ ಬರೆಯುತ್ತಿದ್ದದ್ದು ಅಜ್ಜನ ಹೆಸರಿಗೆ. ಐವತ್ತರ ಹತ್ತಿರ ಅಜ್ಜನ ಕಣ್ಣು ಮಂದವಾಯಿತು. ಆಯಿಗೆ ಆಗ ಮೂವತ್ತೈದರ ಆಸುಪಾಸು, ಗಟ್ಟಿಮುಟ್ಟಾದ ವಯಸ್ಸು. ಅವಳೇ ಮಗ್ಗಕ್ಕೆ ಇಳಿದಳು. ಅಲ್ಲಿಂದ ಹತ್ತು-ಹನ್ನೆರಡು ವರ್ಷ ಆ ಮನೆಯ ಸೀರೆಗಳನ್ನು ನೇಯ್ದವಳು ಅವಳು, ಕಂಡಿಕೆ ಸುತ್ತಿದವನು ಅವನು. ಕೂಲಿ ಮಾತ್ರ ಅದೇ ಹೆಸರಿಗೆ ಏರುತ್ತಿತ್ತು. ಅವನು 1972ರಲ್ಲಿ ತೀರಿಕೊಂಡ ಮೇಲೆ ಆ ಲೆಕ್ಕ ಹೆಂಡತಿಯ ಹೆಸರಿಗೆ ಬರಲಿಲ್ಲ, ದೊಡ್ಡ ಮಗನ ಹೆಸರಿಗೆ ಹೋಯಿತು. ದೊಡ್ಡ ಅಂತರದ ಮದುವೆಯಲ್ಲಿ ಒಂದು ಹಂತದ ಮೇಲೆ ಮೈಯ ಬಲ ಹೆಂಡತಿಯ ಕಡೆ ವಾಲುತ್ತದೆ. ದುಡಿಮೆ ಅವಳ ಕೈಗೆ ಬರುತ್ತದೆ, ಆದರೆ ಲೆಕ್ಕ ಬರುವುದಿಲ್ಲ.

ಇಲ್ಲಿ ಸಭಿಕರಲ್ಲಿ ಯಾರಾದರೂ ಡಾ. ರಾಜಕುಮಾರ್ ಅವರ ಮಾತು ತೆಗೆದೇ ತೆಗೆಯುತ್ತೀರಿ. ಅವರು ಹುಟ್ಟಿದ್ದು 1929ರ ಏಪ್ರಿಲ್‌ನಲ್ಲಿ, ಪಾರ್ವತಮ್ಮನವರು 1939ರ ಡಿಸೆಂಬರ್‌ನಲ್ಲಿ. ಮದುವೆ 1953ರ ಜೂನ್‌ನಲ್ಲಿ. ಹತ್ತೂವರೆ ವರ್ಷದ ಅಂತರ, ಮದುವೆಯ ದಿನ ಪಾರ್ವತಮ್ಮನವರಿಗಿನ್ನೂ 14 ತುಂಬಿರಲಿಲ್ಲ. ಆದರೂ ಮುಂದೆ ನಿರ್ಮಾಪಕಿಯಾಗಿ ಕಥೆ, ಹಣ, ವಿತರಣೆ ಎಲ್ಲದರಲ್ಲೂ ಅವರ ಮಾತು ನಡೆದದ್ದನ್ನು ಇಡೀ ಕರ್ನಾಟಕ ಬಲ್ಲದು. ನಾನು ಇದನ್ನು ಅಪವಾದ ಎಂದು ತಳ್ಳಿಹಾಕುವುದಿಲ್ಲ. ಅಲ್ಲಿ ಬದಲಾದದ್ದು ವಯಸ್ಸಿನ ಅಂತರವಲ್ಲ. ಅದು ಕೊನೆಯವರೆಗೂ ಹತ್ತೂವರೆಯೇ ಇತ್ತು. ಬದಲಾದದ್ದು ಲೆಕ್ಕದ ಪುಸ್ತಕ. ಅದು ಅವರ ಕೈಯಲ್ಲಿತ್ತು. ನಮ್ಮ ಆಯಿಗೂ ಅವರಿಗೂ ಇದ್ದ ವ್ಯತ್ಯಾಸ ಅಲ್ಲಿದೆ.

ಕಾನೂನು ಈ ಅಂತರವನ್ನು ಎಂದಾದರೂ ನೇರವಾಗಿ ಮುಟ್ಟಿದೆಯೆ? ಮುಟ್ಟಿದೆ, ಅದೂ ಕನ್ನಡ ನಾಡಿನಲ್ಲೇ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಮೈಸೂರು ಸಂಸ್ಥಾನ ಶಿಶುವಿವಾಹ ತಡೆಯ ಕಾಯ್ದೆ ತಂದಿತು. ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ಅದು ತಡೆಯಿತು. ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿತು: 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಹುಡುಗಿಯ ವಯಸ್ಸನ್ನು ಮಾತ್ರ ನೋಡದೆ ಇಬ್ಬರ ವಯಸ್ಸನ್ನೂ ಒಟ್ಟಿಗೆ ತೂಗಿದ ಕಾನೂನು ಅದು. ಹತ್ತು ವರ್ಷದ ಹುಡುಗಿಯನ್ನು ಇಪ್ಪತ್ತರವನಿಗೆ ಕೊಟ್ಟರೆ ಸರಿ, ಐವತ್ತೊಂದರವನಿಗೆ ಕೊಟ್ಟರೆ ಅಪರಾಧ.

ಆ ಕಾನೂನಿನ ಕಣ್ಣು ಯಾರ ಮೇಲಿತ್ತು ಎಂಬುದು ಸ್ಪಷ್ಟ: ಹೆಂಡತಿ ಸತ್ತ, ಮಕ್ಕಳಿರುವ, ಆಸ್ತಿವಂತ ಗಂಡಸು. ಅವನಿಗೆ ‘ಎರಡನೇ ಸಂಬಂಧ’ಕ್ಕೆ ಕನ್ಯೆ ಸಿಗುತ್ತಿದ್ದಳು. ಗಂಡ ಸತ್ತ ಹೆಂಗಸಿಗೆ ಮೇಲ್ಜಾತಿಗಳಲ್ಲಿ ಏನೂ ಇರಲಿಲ್ಲ, ಉಳಿದವರಲ್ಲಿ ಹೆಚ್ಚೆಂದರೆ ಸದ್ದಿಲ್ಲದ ಉಡಕಿ. ಈ ಗಂಡಸನ್ನು ನಮ್ಮ ರಂಗಭೂಮಿ ಕಾನೂನಿಗಿಂತ ಮೊದಲೇ ಹಿಡಿದಿತ್ತು. ಸೂರಿ ವೆಂಕಟರಮಣ ಶಾಸ್ತ್ರಿಗಳು ಉತ್ತರ ಕನ್ನಡದ ಹವ್ಯಕರ ನಡುವಿನ ಕನ್ಯಾವಿಕ್ರಯವನ್ನು ಕುರಿತು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಪ್ರಕಟಿಸಿದ್ದು 1887ರಲ್ಲಿ. ಗೋವಿಂದ ಬಲ್ಲಾಳ ದೇವಲ ಮರಾಠಿಯಲ್ಲಿ ‘ಸಂಗೀತ ಶಾರದಾ’ವನ್ನು ರಂಗಕ್ಕೆ ತಂದದ್ದು 1899ರಲ್ಲಿ. ಸಾಂಗಲಿ ಸೀಮೆಯ ಆ ನಾಟಕಕಾರನ ಮಾತು ಆಗ ಸಾಂಗಲಿ ಸಂಸ್ಥಾನಕ್ಕೇ ಸೇರಿದ್ದ ನಮ್ಮ ರಬಕವಿಗೆ ದೂರದ್ದಲ್ಲ. ಆಮೇಲೆ ನಮ್ಮ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಮುದುಕನ ಮದುವೆ’ ಕಂಪನಿ ನಾಟಕವಾಗಿ ಊರೂರು ಸುತ್ತಿತು. ನಾನೂ ಜಾತ್ರೆಯಲ್ಲಿ ಅವ್ವನ ತೊಡೆಯ ಮೇಲೆ ಕೂತು ಇಂಥ ನಾಟಕಗಳಿಗೆ ನಕ್ಕವಳೇ.

ಆ ನಗೆಯ ಮಿತಿಯನ್ನೂ ಹೇಳಬೇಕು. ಮುದುಕನ ಬಣ್ಣ ಹಚ್ಚಿದ ಮೀಸೆ, ಬಿದ್ದ ಹಲ್ಲು, ನಡುಗುವ ಕೈ, ಇವುಗಳಿಗೆ ಜನ ನಕ್ಕರು. ತೆರ ಎಣಿಸಿಕೊಂಡ ತಂದೆಗೆ ಅಷ್ಟು ನಗಲಿಲ್ಲ. ಸಮಾಜದ ಟೀಕೆ ಕಣ್ಣಿಗೆ ಕಾಣುವ ಅಂತರದ ಮೇಲೆ ಬೀಳುತ್ತದೆ, ಕೊಡುಕೊಳ್ಳುವ ವ್ಯವಹಾರದ ಮೇಲೆ ಬೀಳುವುದಿಲ್ಲ. 1894ರ ಕಾನೂನಿಗೂ ಅದೇ ಕುರುಡು ಇತ್ತು. 49ರ ಗಂಡಸು, 15ರ ಹುಡುಗಿ ಅದರ ಬಲೆಗೆ ಬೀಳುವುದಿಲ್ಲ. 26 ಮತ್ತು 12ರ ನಮ್ಮ ಅಜ್ಜ-ಆಯಿಯೂ ಬೀಳುವುದಿಲ್ಲ. ಹೇಗೂ ಅವರ ಊರು ಬನಹಟ್ಟಿ ಮೈಸೂರಿನದಲ್ಲ, ಜಮಖಂಡಿ ಸಂಸ್ಥಾನದ್ದು. ಹುಡುಗಿಗೆ 14, ಹುಡುಗನಿಗೆ 18 ಎಂದ 1929ರ ಶಾರದಾ ಕಾಯ್ದೆ ಕೂಡ ಬ್ರಿಟಿಷ್ ಇಂಡಿಯಾದ್ದಾಗಿತ್ತು.

ಆ ಕಾಯ್ದೆಯಿಂದ ಮುಂದೆ ಕಾನೂನು ಅಂತರದ ಮಾತನ್ನು ಬಿಟ್ಟುಬಿಟ್ಟಿತು ಎಂದು ಅನ್ನಿಸಬಹುದು. ಬಿಡಲಿಲ್ಲ, ಒಳಗೆ ಇಟ್ಟುಕೊಂಡಿತು. 14-18, ಆಮೇಲೆ 1949ರಲ್ಲಿ 15-18, 1978ರಿಂದ 18-21. ಹೆಣ್ಣು ಗಂಡಿಗಿಂತ ಮೂರು ವರ್ಷವಾದರೂ ಸಣ್ಣವಳಿರುವುದು ಸಹಜ ಎಂದು ಕಾನೂನೇ ಬರೆದಂತಾಯಿತು. 2018ರಲ್ಲಿ ಕಾನೂನು ಆಯೋಗ ಕುಟುಂಬ ಕಾನೂನುಗಳ ಕುರಿತ ತನ್ನ ಸಮಾಲೋಚನಾ ಪತ್ರದಲ್ಲಿ ಇಬ್ಬರಿಗೂ 18 ಸಾಕು, ಹೆಂಡತಿ ಗಂಡನಿಗಿಂತ ಚಿಕ್ಕವಳಿರಬೇಕೆಂಬ ನಂಬಿಕೆಗೆ ಈ ಭೇದ ಇಂಬು ಕೊಡುತ್ತದೆ ಎಂದು ಹೇಳಿತು. 2021ರಲ್ಲಿ ಹೆಣ್ಣಿಗೂ 21 ಮಾಡುವ ಮಸೂದೆ ಬಂದು ಅಂಗೀಕಾರವಾಗದೆ ಬಿದ್ದುಹೋಯಿತು. ಮೂರು ವರ್ಷ ಇನ್ನೂ ಹಾಗೇ ಇದೆ.

ಸಂಶೋಧನೆ ಏನು ಹೇಳುತ್ತದೆ ಎಂಬುದನ್ನು ಈಗ ನೋಡೋಣ. ಮೊದಲಿಗೆ ಒಂದು ಎಚ್ಚರಿಕೆ. ನಮ್ಮ ಹಿರಿಯರಲ್ಲಿ ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಎಂದಿದೆ ನೋಡಿ. ಸಾಲಿಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ದಿನ ಅದು. ಹಳೆಯ ದಂಪತಿಗಳ ಅಂತರ ಹತ್ತು ಎಂದು ಕಾಗದದಲ್ಲಿದ್ದರೆ ಅದು ಎಂಟೂ ಆಗಿರಬಹುದು, ಹದಿಮೂರೂ ಆಗಿರಬಹುದು. ಜನ ಐದರ, ಹತ್ತರ ಲೆಕ್ಕದಲ್ಲಿ ವಯಸ್ಸು ಹೇಳುವ ಕಡೆ ಒಂದೆರಡು ವರ್ಷದ ವ್ಯತ್ಯಾಸದ ಮೇಲೆ ದೊಡ್ಡ ತೀರ್ಮಾನ ಕಟ್ಟಬಾರದು. ಅದಕ್ಕೇ ವಯಸ್ಸಿನ ಅಂತರದ ಪರಿಣಾಮದ ಬಗ್ಗೆ ಗಟ್ಟಿ ಅಧ್ಯಯನಗಳು ಹೆಚ್ಚಾಗಿ ಜನನ ನೋಂದಣಿ ನೆಟ್ಟಗಿರುವ ದೇಶಗಳಿಂದ ಬಂದಿವೆ.

ಅವುಗಳಲ್ಲಿ ಎರಡನ್ನು ನಾನು ಮುಖ್ಯ ಎಂದು ತಿಳಿಯುತ್ತೇನೆ. ವಾಂಗ್-ಶೆಂಗ್ ಲೀ ಮತ್ತು ಟೆರಾ ಮೆಕಿನಿಶ್ ಎಂಬ ಅರ್ಥಶಾಸ್ತ್ರಜ್ಞರು ಆಸ್ಟ್ರೇಲಿಯಾದಲ್ಲಿ ಅವೇ ಮನೆಗಳನ್ನು ವರ್ಷವರ್ಷವೂ ಮಾತಾಡಿಸಿದ ಸಮೀಕ್ಷೆಯನ್ನು ಆಧರಿಸಿ 2018ರಲ್ಲಿ ಬರೆದರು. ತಮಗಿಂತ ಚಿಕ್ಕ ಸಂಗಾತಿಯಿರುವವರು, ಗಂಡಸಾಗಲಿ ಹೆಂಗಸಾಗಲಿ, ಮದುವೆಯ ಮೊದಲ ವರ್ಷಗಳಲ್ಲಿ ಹೆಚ್ಚು ತೃಪ್ತರು. ಆದರೆ ಅಂತರ ಹೆಚ್ಚಿರುವ ಜೋಡಿಗಳಲ್ಲಿ ಆ ತೃಪ್ತಿ ಬೇಗ ಇಳಿಯುತ್ತದೆ. ಆರರಿಂದ ಹತ್ತು ವರ್ಷದೊಳಗೆ ಮೊದಲಿನ ಮುನ್ನಡೆ ಕರಗಿ ಹೋಗುತ್ತದೆ. ಹಣದ ಹೊಡೆತ ಬಿದ್ದಾಗ, ಕೆಲಸ ಹೋದಾಗ, ಸಮವಯಸ್ಕರಿಗಿಂತ ಇವರಲ್ಲಿ ಬಿರುಕು ದೊಡ್ಡದು. ಸೀರೆಯ ಮಾರುಕಟ್ಟೆ ಬಿದ್ದಾಗ ಮಗ್ಗ ನಿಂತ ಮನೆಗಳನ್ನು ನೋಡಿದ ನಮಗೆ ಈ ಕೊನೆಯ ಮಾತು ಆಸ್ಟ್ರೇಲಿಯಾದ್ದು ಅನ್ನಿಸುವುದಿಲ್ಲ.

ಹಾಗಿದ್ದರೆ ನಮ್ಮಲ್ಲಿ ಅಂಥ ಮದುವೆಗಳು ಮುರಿಯಲಿಲ್ಲವಲ್ಲ ಎಂದು ಕೇಳಬಹುದು. ಮುರಿಯಲು ದಾರಿ ಇರಲಿಲ್ಲ. ಬಿಟ್ಟು ಹೋಗಲು ಜಾಗವಿಲ್ಲದ ಕಡೆ ವಿಚ್ಛೇದನದ ಅಂಕಿಯನ್ನು ಸುಖದ ಅಳತೆ ಎಂದು ಹಿಡಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಆಯಿಯ ಮದುವೆ 34 ವರ್ಷ ಬಾಳಿತು. ಅದು ಚೆನ್ನಾಗಿತ್ತೇ ಎಂಬ ಪ್ರಶ್ನೆಗೆ ಆ ಮೂವತ್ತನಾಲ್ಕು ಉತ್ತರ ಕೊಡುವುದಿಲ್ಲ.

ಇನ್ನೊಂದು ಅಧ್ಯಯನ ಸ್ವೆನ್ ದ್ರೆಫಾಲ್ ಅವರದು, 2010ರದ್ದು. ಡೆನ್ಮಾರ್ಕ್‌ನ ಇಡೀ ಜನಸಂಖ್ಯಾ ನೋಂದಣಿಯನ್ನೇ ಇಟ್ಟುಕೊಂಡು ಅವರು ಆಯುಷ್ಯವನ್ನು ನೋಡಿದರು. ಹೆಂಡತಿ ಚಿಕ್ಕವಳಿದ್ದ ಗಂಡಸರು ಹೆಚ್ಚು ಕಾಲ ಬದುಕಿದ್ದರು. ಹೆಂಗಸರ ವಿಷಯ ಹಾಗಲ್ಲ: ಗಂಡ ತನಗಿಂತ ದೊಡ್ಡವನಿದ್ದರೂ, ಚಿಕ್ಕವನಿದ್ದರೂ ಅವರ ಸಾವಿನ ಅಪಾಯ ಹೆಚ್ಚು, ಸಮವಯಸ್ಕನಿದ್ದಾಗ ಕಡಿಮೆ. ಇದನ್ನು ಓದಿ ‘ಚಿಕ್ಕ ಹುಡುಗಿಯನ್ನು ಕಟ್ಟಿಕೊಂಡರೆ ಆಯುಷ್ಯ ಹೆಚ್ಚುತ್ತದೆ’ ಎನ್ನುವವರಿದ್ದಾರೆ. ಅಧ್ಯಯನ ಹಾಗೆ ಹೇಳುವುದಿಲ್ಲ. ಆರೋಗ್ಯವಂತ, ಉಳ್ಳವನಿಗೇ ಚಿಕ್ಕ ಹೆಂಡತಿ ಸಿಗುವ ಸಂಭವ ಹೆಚ್ಚು. ಅವನು ಹೇಗೂ ಬದುಕುತ್ತಿದ್ದ ಎಂಬುದೂ ಕಾರಣವಿರಬಹುದು. ಕಾಯಿಲೆ ಬಿದ್ದಾಗ ನೋಡಿಕೊಳ್ಳಲು ಗಟ್ಟಿ ಕೈ ಪಕ್ಕದಲ್ಲಿತ್ತು ಎಂಬುದೂ ಇರಬಹುದು.

ಆ ಗಟ್ಟಿ ಕೈಗೆ ಆಮೇಲೆ ಏನಾಯಿತು ಎಂಬುದು ನನ್ನ ಪ್ರಶ್ನೆ. ಗಂಡಸಿಗಿಂತ ಹೆಂಗಸು ಸರಾಸರಿ ಮೂರು ವರ್ಷ ಹೆಚ್ಚು ಬದುಕುತ್ತಾಳೆ ಎಂದು ಒರಟಾಗಿ ಹಿಡಿದರೆ, ಸಮವಯಸ್ಕ ಜೋಡಿಯಲ್ಲಿ ಅವಳು ಒಂಟಿಯಾಗಿ ಕಳೆಯುವ ಕಾಲ ಮೂರು ವರ್ಷದ ಹತ್ತಿರ. ಅಂತರ 14 ಇದ್ದರೆ ಹದಿನೇಳು. ಇದು ಸರಾಸರಿಯ ಮಾತು. ನಮ್ಮ ಆಯಿ ವಿಧವೆಯಾದಾಗ ಅವಳಿಗೆ 46. ತೀರಿಕೊಂಡದ್ದು 2008ರಲ್ಲಿ, 82ಕ್ಕೆ. ಮೂವತ್ತಾರು ವರ್ಷ. ಗಂಡನ ಜೊತೆ ಬಾಳಿದ್ದಕ್ಕಿಂತ ಎರಡು ವರ್ಷ ಹೆಚ್ಚು. 2011ರ ಜನಗಣತಿಯಲ್ಲಿ ದೇಶದಲ್ಲಿ ನಾಲ್ಕು ಕೋಟಿಗೂ ಮಿಕ್ಕಿ ವಿಧವೆಯರಿದ್ದರು, ವಿಧುರರು ಒಂದೂಕಾಲು ಕೋಟಿಯ ಆಸುಪಾಸು. ಗಂಡಸರು ಮರುಮದುವೆಯಾಗುತ್ತಾರೆ, ಹೆಂಗಸರು ಹೆಚ್ಚು ಬದುಕುತ್ತಾರೆ, ಇವೆರಡರ ಜೊತೆ ವಯಸ್ಸಿನ ಅಂತರವೂ ಆ ವ್ಯತ್ಯಾಸದಲ್ಲಿ ಸೇರಿಕೊಂಡಿದೆ. ಮದುವೆ ಗಟ್ಟಿ ಮಾಡುವಾಗ ಮನೆ, ಹೊಲ, ನೌಕರಿ ನೋಡುತ್ತೇವೆ. ಹುಡುಗಿ ಎಷ್ಟು ವರ್ಷ ಒಂಟಿಯಾಗಿ ಇರಬೇಕಾದೀತು ಎಂದು ಕೂಡಿಸಿ ನೋಡಿದ ಒಬ್ಬ ಹಿರಿಯನನ್ನೂ ನಾನು ಕಂಡಿಲ್ಲ.

ಅಂತರ ತಿರುಗಿ ಬಿದ್ದಾಗ, ಅಂದರೆ ಹೆಂಡತಿ ದೊಡ್ಡವಳಿದ್ದಾಗ, ಜನರ ನಾಲಿಗೆ ಬೇರೆಯಾಗುತ್ತದೆ. ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಶಿಕ್ಷಕಿ. ಜೊತೆಗೆ ಕೆಲಸ ಮಾಡುತ್ತಿದ್ದ, ತನಗಿಂತ ಐದು ವರ್ಷ ಚಿಕ್ಕವನನ್ನು ಮೆಚ್ಚಿ ಮದುವೆಯಾದಳು. ಹುಡುಗನ ಮನೆಯವರು ಜಾತಿ ಒಪ್ಪಿದರು, ನೌಕರಿ ಒಪ್ಪಿದರು, ಐದು ವರ್ಷ ಒಪ್ಪಲಿಲ್ಲ. ‘ಮಗನಂಗ ಕಾಣ್ತಾನ’ ಎಂದರು. ಅದೇ ಓಣಿಯಲ್ಲಿ ಗಂಡ ಹನ್ನೊಂದು ವರ್ಷ ದೊಡ್ಡವನಿದ್ದ ಮನೆಗಳಿದ್ದವು. ಅಲ್ಲಿ ‘ಮಗಳಂಗ ಕಾಣ್ತಾಳ’ ಎಂದು ಯಾರೂ ಅಂದಿರಲಿಲ್ಲ. ಅವಳು ಎರಡು ವರ್ಷ ಜಾತ್ರೆಗೆ, ಮದುವೆಗೆ ಗಂಡನ ಜೊತೆ ಹೋಗಲಿಲ್ಲ.

ಜಸ್ಟಿನ್ ಲೆಮಿಲ್ಲರ್ ಮತ್ತು ಕ್ರಿಸ್ಟೋಫರ್ ಆಗ್ನ್ಯೂ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಅಳೆದಿದ್ದಾರೆ. ಸಮಾಜ ಒಪ್ಪುವುದಿಲ್ಲ ಎಂಬ ಅನಿಸಿಕೆ ಹೆಚ್ಚಿದ ಜೋಡಿಗಳಲ್ಲಿ ಸಂಬಂಧಕ್ಕೆ ಅಂಟಿಕೊಳ್ಳುವ ಬದ್ಧತೆ ಕಡಿಮೆಯಿತ್ತು ಎಂದು 2006ರಲ್ಲಿ ಬರೆದರು. 2008ರ ಇನ್ನೊಂದು ಬರಹದಲ್ಲಿ, ತಾವೇ ದೊಡ್ಡವರಾಗಿದ್ದ ಹೆಂಗಸರು ಉಳಿದವರಿಗಿಂತ ಹೆಚ್ಚು ತೃಪ್ತರೂ ಬದ್ಧರೂ ಆಗಿದ್ದರು ಎಂದು ತೋರಿಸಿದರು. ಸಣ್ಣ ಅಧ್ಯಯನಗಳು, ದೂರದ ದೇಶ. ಆದರೂ ನನ್ನ ವಿದ್ಯಾರ್ಥಿನಿಯ ಮನೆಯಲ್ಲಿ ಕಂಡದ್ದಕ್ಕೆ ಅವು ಹೊಂದುತ್ತವೆ. ಅವಳ ಸಂಸಾರದಲ್ಲಿ ಜಗಳವಿದ್ದದ್ದು ಐದು ವರ್ಷದ ಬಗ್ಗೆ ಅಲ್ಲ, ಹೊರಗೆ ಜೊತೆಯಾಗಿ ಹೋಗಬೇಕೋ ಬೇಡವೋ ಎಂಬುದರ ಬಗ್ಗೆ. ಓಣಿಯ ಮಾತು ಮನೆಯೊಳಗೆ ಬಂದು ಜಗಳವಾಗಿತ್ತು.

ಕೊನೆಗೆ ಇವತ್ತಿನ ವರಗಳ ಕಥೆ. ನಮ್ಮ ಸೀಮೆಯ ತಾಲ್ಲೂಕುಗಳಲ್ಲಿ 35, 38 ದಾಟಿದ, ನಾಲ್ಕು ಪಾವರ್‌ಲೂಮ್ ಇರುವ, ಆರೆಕರೆ ಕಬ್ಬಿರುವ ಗಂಡುಮಕ್ಕಳು ಹೆಣ್ಣು ಸಿಗದೆ ಕೂತಿದ್ದಾರೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ಇಂಥ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ಓದಿದ್ದೀರಿ. ಇದರಲ್ಲೂ ವಯಸ್ಸಿನ ಅಂತರದ ಪಾತ್ರವಿದೆ.

ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿದ್ದು ನೋಡಿ 1983ರಲ್ಲಿ ಬರೆದ ಲೇಖನದಲ್ಲಿ, ತೆರ ಹೋಗಿ ವರದಕ್ಷಿಣೆ ಬಂದದ್ದಕ್ಕೆ ಒಂದು ಕಾರಣ ಹೆಣ್ಣು-ಗಂಡಿನ ಸಂಖ್ಯೆಯ ಏರುಪೇರು ಎಂದಿದ್ದಾರೆ. ನಾನೇ ಹಾಕಿದ ಒಂದು ಸರಳ ಲೆಕ್ಕದಲ್ಲಿ ಅದನ್ನು ಹೇಳುತ್ತೇನೆ. ಪ್ರತಿ ವರ್ಷ ಹುಟ್ಟುವ ಮಕ್ಕಳು ಹಿಂದಿನ ವರ್ಷಕ್ಕಿಂತ ನೂರಕ್ಕೆ ಎರಡರಂತೆ ಹೆಚ್ಚುತ್ತಿವೆ ಎನ್ನಿ. ಗಂಡಸು ತನಗಿಂತ 7 ವರ್ಷ ಚಿಕ್ಕವಳನ್ನು ಹುಡುಕುತ್ತಾನೆ. ಆಗ 1000 ಗಂಡುಗಳಿಗೆ 1149 ಹೆಣ್ಣುಗಳು. ಹೆಣ್ಣು ಹೆತ್ತವರು ಸಾಲಿನಲ್ಲಿ ನಿಲ್ಲುತ್ತಾರೆ, ವರದಕ್ಷಿಣೆ ಏರುತ್ತದೆ. ಈಗ ಜನನ ಇಳಿಮುಖ. ನೂರಕ್ಕೆ ಒಂದೂವರೆಯಂತೆ ಇಳಿಯುತ್ತಿದೆ ಎಂದುಕೊಂಡರೆ, ಅದೇ 7 ವರ್ಷದ ಅಂತರದಲ್ಲಿ 1000 ಗಂಡುಗಳಿಗೆ 900 ಹೆಣ್ಣುಗಳು. ಭ್ರೂಣಹತ್ಯೆಯ ಪಾಪ ಇದರ ಮೇಲೆ ಬೇರೆ. ಅಂತರವನ್ನು 2ಕ್ಕೆ ಇಳಿಸಿದರೆ ಅದೇ ಲೆಕ್ಕ 970ಕ್ಕೆ ಬರುತ್ತದೆ.

ಆದರೆ ನಮ್ಮ ಹುಡುಗರು ಮಾಡುತ್ತಿರುವುದು ತದ್ವಿರುದ್ಧ. ಹೆಣ್ಣು ಸಿಗದೆ ವರ್ಷ ಉರುಳಿದಂತೆ ತಮ್ಮ ವಯಸ್ಸು ಏರುತ್ತದೆ, ಹುಡುಕುವ ಹುಡುಗಿಯ ವಯಸ್ಸು 21ರಲ್ಲೇ ನಿಂತಿರುತ್ತದೆ. ಮೂವತ್ತಮೂರರ, ಓದಿದ, ದುಡಿಯುವ ಹೆಣ್ಣುಮಕ್ಕಳು ಇದೇ ಊರಲ್ಲಿದ್ದಾರೆ. ‘ವಯಸ್ಸಾತು’ ಎಂದು ಅವರನ್ನು ದಾಟಿ, ದಲ್ಲಾಳಿಯ ಕೈಗೆ ದುಡ್ಡು ಕೊಟ್ಟು, ಬಡವರ ಮನೆಯ ಚಿಕ್ಕ ಹುಡುಗಿಯನ್ನು ದೂರದಿಂದ ತರುತ್ತಾರೆ. ಹೋದ ಶತಮಾನದ ತೆರ ಹೆಸರು ಬದಲಿಸಿಕೊಂಡು ಮರಳಿ ಬಂದಿದೆ. ಭಾಷೆ ಬಾರದ, ತವರು ಹತ್ತಿರವಿಲ್ಲದ, ಕೈಯಲ್ಲಿ ದುಡ್ಡಿಲ್ಲದ ಆ ಹುಡುಗಿಗೆ ಮೂರೂ ಬಾಗಿಲು ಮುಚ್ಚಿರುತ್ತವೆ. ನಮ್ಮ ಆಯಿಗೆ ಕನಿಷ್ಠ ಅಜ್ಜಿಯಿದ್ದಳು.

ಅಕ್ಕನ ಮಗಳ ಮದುವೆ ಮಾತ್ರ ತಾನಾಗಿ ಕಡಿಮೆಯಾಗುತ್ತಿದೆ. ಕಾರಣ ಮೊದಲು ಹೇಳಿದ ಲೆಕ್ಕದಲ್ಲೇ ಇದೆ. ಈಗ ಅಕ್ಕ 24ಕ್ಕೆ ಹೆರುತ್ತಾಳೆ, ಇರುವವನು ಒಬ್ಬನೇ ತಮ್ಮ, ಮೂರು ವರ್ಷಕ್ಕೆ ಸಣ್ಣವನು. ಅಂತರ 21. ಹುಡುಗಿ ಮದುವೆಯ ವಯಸ್ಸಿಗೆ ಬರುವಷ್ಟರಲ್ಲಿ ಮಾವನಿಗೆ ನಲವತ್ತು. ಹನ್ನೊಂದು ವರ್ಷ ಚಿಕ್ಕವನಾದ ಕೊನೆಯ ತಮ್ಮ ಈಗಿನ ಮನೆಗಳಲ್ಲಿ ಹುಟ್ಟುವುದೇ ಇಲ್ಲ.

ಆಯಿಯದೊಂದು ಮಾತು ಹೇಳಿ ನಿಲ್ಲಿಸುತ್ತೇನೆ. 1984ರಲ್ಲಿ ನಮ್ಮಪ್ಪ ಅವಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಉಳಿತಾಯದ ಪುಸ್ತಕ ಮಾಡಿಸಿದ. ಅವಳ ಹೆಸರು ಬರೆದ ಮೊದಲ ಲೆಕ್ಕ ಅದು. ನಾನು ಜೊತೆಗಿದ್ದೆ. ಅರ್ಜಿ ತುಂಬುತ್ತಿದ್ದವರು ‘ಅಮ್ಮಾರ, ವಯಸ್ಸೆಷ್ಟರಿ?’ ಎಂದು ಕೇಳಿದರು. ಆಯಿ ಸ್ವಲ್ಪ ಹೊತ್ತು ಯೋಚಿಸಿ, ‘ಮಾವಗಿಂತ ಹದಿನಾಲ್ಕು ಕಮ್ಮಿ ಬರಕೋರಿ’ ಎಂದಳು. ‘ಅವರಿಗೆಷ್ಟರಿ?’ ಎಂದರು. ‘ಅವ ಇಲ್ಲರಿ. ಇದ್ದಿದ್ರ ಎಪ್ಪತ್ತೆರಡು.’